ಅಣ್ಣ ವಲಿಯಾಗಲು ಒಪ್ಪದಿದ್ದರೆ ನಿಕಾಹ್ ಹೇಗೆ? ಮಹರ್ ಎಷ್ಟು, ಷರತ್ತು ಎಲ್ಲಿ ಬರೆಯಬೇಕು?

ಪ್ರಶ್ನೆ: "ನನಗೆ 27 ವರ್ಷ. ಮಂಗಳೂರಿನ ಬ್ಯಾರಿ ಕುಟುಂಬ, ಶಾಫಿ ಮದ್‌ಹಬ್. ಫಿಸಿಯೋಥೆರಪಿಸ್ಟ್ ಕೆಲಸದಲ್ಲಿದ್ದೇನೆ, ಇದು ಮೊದಲ ಮದುವೆ. ಅಪ್ಪ, ಅಜ್ಜ ಇಬ್ಬರೂ ತೀರಿಕೊಂಡಿದ್ದಾರೆ. ನಾನು ಒಪ್ಪಿದ ಹುಡುಗ ಬೆಂಗಳೂರಿನ ಉರ್ದು ಮಾತಾಡುವ ಹನಫಿ ಮನೆಯವರು. ಭಾಷೆ ಬೇರೆ, ಮದ್‌ಹಬ್ ಬೇರೆ ಎಂದು ಅಣ್ಣ ವಲಿಯಾಗಿ ನಿಲ್ಲಲು ಒಪ್ಪುತ್ತಿಲ್ಲ. ಹುಡುಗನ ಮನೆಯವರು 786 ರೂಪಾಯಿ ಮಹರ್ ಸಾಕು ಎನ್ನುತ್ತಾರೆ. ನನ್ನ ಕೆಲಸ ಬಿಡಿಸಬಾರದು, ನಾನಿರುವಾಗ ಇನ್ನೊಂದು ಮದುವೆ ಆಗಬಾರದು, ಹಾಗೇನಾದರೂ ಆದರೆ ಬಿಡುಗಡೆಯ ಹಕ್ಕು ನನ್ನ ಕೈಯಲ್ಲಿರಬೇಕು ಎಂದು ಬರೆಸಲು ಹೊರಟರೆ, ಷರತ್ತು ಹಾಕಿದರೆ ನಿಕಾಹೇ ಮುರಿಯುತ್ತದೆ ಎಂದು ಚಿಕ್ಕಪ್ಪ ಹೇಳುತ್ತಾರೆ. ಇದರಲ್ಲಿ ಯಾವುದು ನಿಜ?"

ಉತ್ತರ: ಮೂರು ವಿಷಯಗಳಲ್ಲಿ ವಲಿಯದ್ದನ್ನು ಮೊದಲು ಬಗೆಹರಿಸಿಕೊಳ್ಳಬೇಕು. ವರ ವಧುವಿಗೆ ಕೊಡಬೇಕಾದ ಮಹರ್ ಮತ್ತು ಷರತ್ತುಗಳ ಮಾತು ಬರುವುದು ನಿಕಾಹ್ ಸಿಂಧುವಾದ ಮೇಲೆ.

ಶಾಫಿ ಮದ್‌ಹಬ್‌ನಲ್ಲಿ ವಲಿ ಇಲ್ಲದೆ ನಿಕಾಹ್ ಇಲ್ಲ ಎಂಬುದು ನಿಜ. ಹೆಣ್ಣಿನ ಕಡೆಯಿಂದ "ಮದುವೆ ಮಾಡಿಕೊಟ್ಟೆ" ಎಂದು ಹೇಳುವವನು ವಲಿ, "ಒಪ್ಪಿದೆ" ಎನ್ನುವವನು ವರ. ಇಬ್ಬರು ನಂಬಿಗಸ್ತ ಗಂಡಸರು ಸಾಕ್ಷಿ. ಆದರೆ ವಲಿಯೆಂದರೆ ಒಡೆಯ ಎಂದು ಅನೇಕ ಮನೆಗಳಲ್ಲಿ ತಿಳಿದುಕೊಂಡಿದ್ದಾರೆ, ಅದು ತಪ್ಪು. ಶಾಫಿ ಗ್ರಂಥಗಳು ವಲಿಗಳಲ್ಲಿ ಎರಡು ದರ್ಜೆ ಮಾಡುತ್ತವೆ. ಮೊದಲ ಸಲ ಮದುವೆಯಾಗುತ್ತಿರುವ ಮಗಳನ್ನು ಅವಳ ಬಾಯಿಮಾತಿನ ಒಪ್ಪಿಗೆ ಇಲ್ಲದೆಯೂ ಮದುವೆ ಮಾಡಿಕೊಡುವ ಅಧಿಕಾರವನ್ನು ಅವು ತಂದೆಗೆ, ಅವನಿಲ್ಲದಿದ್ದರೆ ತಂದೆಯ ತಂದೆಗೆ ಕೊಟ್ಟಿವೆ. ಅದಕ್ಕೂ ಮಿತಿಗಳಿವೆ: ಅವರ ನಡುವೆ ಎದ್ದುಕಾಣುವ ದ್ವೇಷ ಇರಬಾರದು, ವರ ಅವಳಿಗೆ ಸರಿಸಮನಾಗಿರಬೇಕು, ಮಹರ್ ಕಡಿಮೆಯಾಗಿರಬಾರದು. ಆಗಲೂ ಅವಳನ್ನು ಕೇಳುವುದೇ ಉತ್ತಮ ಎಂದು ಅದೇ ಗ್ರಂಥಗಳು ಹೇಳುತ್ತವೆ. ಅಣ್ಣ, ಚಿಕ್ಕಪ್ಪ, ಅಣ್ಣನ ಮಗ ಇವರಾರಿಗೂ ಆ ಅಧಿಕಾರವೇ ಇಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಅವರು ಮಾಡಿಸಿದ ನಿಕಾಹ್ ನಿಲ್ಲುವುದಿಲ್ಲ. ನಿಮ್ಮ ಅಣ್ಣನಿಗೆ ಇರುವುದು ನೀವು ಆರಿಸಿದವರಿಗೆ ನಿಮ್ಮನ್ನು ಕೊಡುವ ಜವಾಬ್ದಾರಿ ಮಾತ್ರ. ನೀವು ಒಬ್ಬ ಸರಿಸಮನನ್ನು ತೋರಿಸಿ, ಅಣ್ಣ ಇನ್ನೊಬ್ಬ ಸರಿಸಮನನ್ನು ತೋರಿಸಿದರೆ, ನಿಮ್ಮ ಆಯ್ಕೆಗೇ ಬೆಲೆ.

ಹಾಗಾದರೆ ಅಣ್ಣ ಎತ್ತಬಹುದಾದ ತಕರಾರು ಒಂದೇ: ಹುಡುಗ ಸರಿಸಮನಲ್ಲ ಎನ್ನುವುದು. ಶಾಫಿ ಧರ್ಮಶಾಸ್ತ್ರ, ಅಂದರೆ ಫಿಕ್ಹ್, ಇದಕ್ಕೆ ನೋಡುವುದು ವಂಶ, ಧಾರ್ಮಿಕ ನಡತೆ, ವೃತ್ತಿ, ಮದುವೆಗೆ ಅಡ್ಡಿಯಾಗುವ ಕೆಲವು ದೈಹಿಕ ದೋಷಗಳು ಇವನ್ನು. ಮನೆಯಲ್ಲಿ ಆಡುವ ಭಾಷೆ ಈ ಪಟ್ಟಿಯಲ್ಲಿ ಇಲ್ಲ. ಹನಫಿ ಮದ್‌ಹಬ್‌ನವನಾಗಿರುವುದೂ ದೋಷವಲ್ಲ. ನಾಲ್ಕು ಮದ್‌ಹಬ್‌ಗಳವರು ಪರಸ್ಪರ ಮದುವೆಯಾಗುವುದು ಮೊದಲಿನಿಂದ ಇದ್ದದ್ದೇ. ಮಹರ್ ಕಡಿಮೆಯಾಯಿತು ಎಂಬ ಕಾರಣಕ್ಕೂ ಶಾಫಿ ವಲಿ ನಿರಾಕರಿಸುವಂತಿಲ್ಲ, ಏಕೆಂದರೆ ಮಹರ್ ನಿಮ್ಮ ಹಕ್ಕು, ಅವರದಲ್ಲ.

ಸರಿಯಾದ ಕಾರಣವಿಲ್ಲದೆ ವಲಿ ತಡೆಹಿಡಿಯುವುದಕ್ಕೆ ಫಿಕ್ಹ್‌ನಲ್ಲಿ ಅದ್ಲ್ ಎನ್ನುತ್ತಾರೆ. ಆಗ ಏನಾಗುತ್ತದೆ ಎಂಬಲ್ಲಿ ಕರಾವಳಿಯಲ್ಲಿ ಸಾಮಾನ್ಯವಾಗಿ ಒಂದು ತಪ್ಪು ನಡೆಯುತ್ತದೆ. ಅಣ್ಣ ಒಲ್ಲೆ ಎಂದರೆ ಮುಂದಿನ ಸಾಲಿನ ಚಿಕ್ಕಪ್ಪನನ್ನು ಕರೆತಂದು ನಿಕಾಹ್ ಮಾಡಿಸಿಬಿಡುತ್ತಾರೆ. ಶಾಫಿ ನಿಯಮದಂತೆ ಹತ್ತಿರದ ವಲಿ ತಡೆದಾಗ ಅಧಿಕಾರ ದೂರದ ವಲಿಗೆ ಇಳಿಯುವುದಿಲ್ಲ, ಖಾಝಿಗೆ ಹೋಗುತ್ತದೆ. "ವಲಿ ಇಲ್ಲದವಳಿಗೆ ಆಡಳಿತಗಾರನೇ ವಲಿ" ಎಂಬ ಹದೀಸ್ ಇದರ ಆಧಾರ. ಆದ್ದರಿಂದ ಚಿಕ್ಕಪ್ಪ ನಾಳೆ ಮನಸ್ಸು ಬದಲಿಸಿ "ನಾನೇ ನಿಲ್ಲುತ್ತೇನೆ" ಎಂದರೂ, ಅಣ್ಣನ ಪರವಾಗಿ ನಿಲ್ಲುವ ವಕಾಲತ್ತನ್ನು ಅವರಿಂದ ಅಧಿಕೃತವಾಗಿ ಪಡೆಯದೆ ಅವರಿಂದ ನಿಕಾಹ್ ಮಾಡಿಸಬೇಡಿ. ಅಣ್ಣ ಎದುರಿಗೆ ನಿಲ್ಲಲು ಮುಜುಗರಪಟ್ಟು "ಚಿಕ್ಕಪ್ಪ ಮಾಡಿಕೊಡಲಿ" ಎಂದು ಇಬ್ಬರ ಮುಂದೆ ಹೇಳಿದರೆ ಸಾಕು, ಆಗ ಚಿಕ್ಕಪ್ಪ ಅವರ ಪ್ರತಿನಿಧಿ. ಅನೇಕ ಮನೆಗಳಲ್ಲಿ ಜಗಳ ಮುಗಿಯುವುದು ಈ ದಾರಿಯಲ್ಲೇ, ಮೊದಲು ಇದನ್ನೇ ಪ್ರಯತ್ನಿಸಿ.

ಅದೂ ಆಗದಿದ್ದರೆ ಕ್ರಮ ಹೀಗೆ. ಹುಡುಗನ ಹೆಸರು, ಮನೆತನ, ಉದ್ಯೋಗ, ಒಪ್ಪಿಕೊಂಡ ಮಹರ್ ಇವನ್ನು ಬರೆದು, "ಇವರಿಗೆ ನನ್ನನ್ನು ನಿಕಾಹ್ ಮಾಡಿಕೊಡಿ" ಎಂಬ ಪತ್ರವನ್ನು ಅಣ್ಣನಿಗೆ ಕೊಡಿ, ಒಂದು ಪ್ರತಿ ನಿಮ್ಮ ಮೊಹಲ್ಲಾದ ಜಮಾಅತ್‌ಗೆ. ಉತ್ತರ ಬಾರದಿದ್ದರೆ ಅಥವಾ ನಿರಾಕರಣೆ ಬಂದರೆ ಖಾಝಿಯವರಿಗೆ ಅರ್ಜಿ. ಅವರು ಅಣ್ಣನನ್ನು ಕರೆಸಿ ಕಾರಣ ಕೇಳುತ್ತಾರೆ. ಖಾಝಿಯ ಮುಂದೆಯೇ ಅವರು ನಿರಾಕರಿಸಿದರೆ, ಅಥವಾ ಕರೆದರೂ ಬಾರದೆ ತಪ್ಪಿಸಿಕೊಂಡದ್ದಕ್ಕೆ ಸಾಕ್ಷಿ ಇದ್ದರೆ, ಅದ್ಲ್ ಸಾಬೀತು. ನಂತರ ಖಾಝಿ ಅಥವಾ ಅವರು ನೇಮಿಸಿದವರು ವಲಿಯ ಸ್ಥಾನದಲ್ಲಿ ನಿಂತು ಮಾಡಿಕೊಡುತ್ತಾರೆ. ಈ ವಿಚಾರಣೆ ನಡೆಯಿತು ಎಂಬ ಒಂದು ಹಾಳೆಯ ದಾಖಲೆಯನ್ನು ಕೇಳಿ ಪಡೆಯಿರಿ. ಮುಂದೆ ಯಾರಾದರೂ "ವಲಿ ಇಲ್ಲದ ನಿಕಾಹ್" ಎಂದು ಮಾತೆತ್ತಿದರೆ ಉತ್ತರ ಆ ಹಾಳೆ. ಒಂದು ಮಿತಿ ತಿಳಿದಿರಲಿ: 1880ರ ಖಾಝಿಗಳ ಕಾಯಿದೆ ಖಾಝಿಗೆ ನ್ಯಾಯಾಲಯದ ಅಧಿಕಾರ ಕೊಟ್ಟಿಲ್ಲ. ಅಣ್ಣನನ್ನು ಬಲವಂತವಾಗಿ ಕರೆಸಲು ಅವರಿಂದ ಆಗದು, ಆದರೆ ಫಿಕ್ಹ್‌ನ ದೃಷ್ಟಿಯಲ್ಲಿ ಅವರ ತೀರ್ಮಾನಕ್ಕೆ ಇರುವ ತೂಕ ಇದರಿಂದ ಕಡಿಮೆಯಾಗುವುದಿಲ್ಲ.

"ಹುಡುಗ ಹನಫಿ ಅಲ್ಲವೇ, ಬೆಂಗಳೂರಿಗೆ ಹೋಗಿ ವಲಿ ಇಲ್ಲದೆ ನಿಕಾಹ್ ಮಾಡಿಕೊಂಡರೆ ಮುಗಿಯಿತು" ಎಂದು ನಿಮಗೆ ಯಾರಾದರೂ ಹೇಳಬಹುದು. ಅಬೂ ಹನೀಫಾ ಅವರ ಮತದಲ್ಲಿ ಬುದ್ಧಿ ನೆಟ್ಟಗಿರುವ ವಯಸ್ಕ ಹೆಣ್ಣು ತಾನೇ ತನ್ನ ನಿಕಾಹ್ ಮಾಡಿಕೊಳ್ಳಬಹುದು. ವರ ಸರಿಸಮನಲ್ಲದಿದ್ದರೆ ಅಥವಾ ಮಹರ್ ಅವಳ ಕುಟುಂಬದ ರೂಢಿಗಿಂತ ಕಡಿಮೆಯಿದ್ದರೆ ಮಾತ್ರ ವಲಿ ಆಕ್ಷೇಪಿಸಬಹುದು. ಶಾಫಿ ಹುಡುಗಿಯೊಬ್ಬಳು ಹನಫಿ ಮತವನ್ನು ಆರಿಸಿಕೊಂಡು ತಂದೆಯ ಒಪ್ಪಿಗೆಯಿಲ್ಲದೆ ಮಾಡಿಕೊಂಡ ಮದುವೆಯನ್ನು 1864ರಲ್ಲೇ ಬಾಂಬೆ ಹೈಕೋರ್ಟ್ ಎತ್ತಿಹಿಡಿದಿದೆ. ಹಾಗಾಗಿ ಕಾನೂನಿನಲ್ಲಿ ಈ ದಾರಿ ತೆರೆದಿದೆ. ಆದರೆ ನಿಮ್ಮ ಪ್ರಕರಣದಲ್ಲಿ ಖಾಝಿಯ ದಾರಿ ಎರಡೂ ಮದ್‌ಹಬ್‌ಗಳಲ್ಲಿ ನಿಲ್ಲುತ್ತದೆ. ವಲಿ ಇಲ್ಲದ ದಾರಿ ಹನಫಿಯಲ್ಲಿ ಮಾತ್ರ. ಮುಂದೆ ತವರಿನ ಜಮಾಅತ್ ಪುಸ್ತಕದಲ್ಲಿ ಹೆಸರು ಸೇರಿಸುವಾಗ, ಆಸ್ತಿ ಹಂಚಿಕೆಯಲ್ಲಿ, ಮಕ್ಕಳ ಮದುವೆಯಲ್ಲಿ ಈ ಪ್ರಶ್ನೆ ಏಳುವುದು ನಿಮ್ಮ ಊರಿನಲ್ಲೇ ಹೊರತು ಬೆಂಗಳೂರಿನಲ್ಲಲ್ಲ. ಖಾಝಿಯ ದಾರಿಯೂ ಮುಚ್ಚಿದರೆ ಮಾತ್ರ ಇದನ್ನು ಯೋಚಿಸಿ.

ಈಗ ಮಹರ್. 786 ರೂಪಾಯಿಯ ಬಗ್ಗೆ ಹುಡುಗನ ಮನೆಯವರು ತಮ್ಮದೇ ಮದ್‌ಹಬ್‌ನ ಲೆಕ್ಕ ಹಾಕಿಲ್ಲ. ಹನಫಿಗಳಲ್ಲಿ ಮಹರಿಗೆ ಕನಿಷ್ಠ ಮಿತಿ ಇದೆ, 10 ದಿರ್ಹಮ್ ಬೆಳ್ಳಿ. ತೂಕದಲ್ಲಿ ಅದು ಸುಮಾರು 30.6 ಗ್ರಾಂ. ಈಗಿನ ಬೆಳ್ಳಿ ದರದಲ್ಲಿ 786 ರೂಪಾಯಿಗೆ ಅಷ್ಟು ಬೆಳ್ಳಿ ಸಿಗುವುದಿಲ್ಲ. ಅದಕ್ಕಿಂತ ಕಡಿಮೆ ಬರೆದರೆ ನಿಕಾಹ್ ಕೆಡುವುದಿಲ್ಲ, ಆದರೆ ಮಹರ್ ತಾನಾಗಿ 10 ದಿರ್ಹಮ್‌ಗೆ ಏರುತ್ತದೆ. ಶಾಫಿಗಳಲ್ಲಿ ಕನಿಷ್ಠ ಮಿತಿ ಇಲ್ಲ, ಬೆಲೆಬಾಳುವ ಯಾವುದೇ ವಸ್ತು ಮಹರ್ ಆಗಬಹುದು. ಗರಿಷ್ಠ ಮಿತಿ ಯಾರಲ್ಲೂ ಇಲ್ಲ. ಕುರ್‌ಆನಿನ ನಾಲ್ಕನೇ ಅಧ್ಯಾಯ ರಾಶಿ ಸಂಪತ್ತನ್ನು ಮಹರಾಗಿ ಕೊಟ್ಟಿದ್ದರೂ ಹಿಂದೆ ಪಡೆಯಬೇಡಿ ಎನ್ನುತ್ತದೆ. ಉರ್ದು ಕುಟುಂಬಗಳಲ್ಲಿ ಕೇಳಿಬರುವ ಮಹರೆ ಫಾತಿಮಿ 500 ದಿರ್ಹಮ್, ಎಂದರೆ 131 ತೊಲ 3 ಮಾಶೆ, ಸುಮಾರು 1.53 ಕಿಲೋ ಬೆಳ್ಳಿ. ಸರಳವಾಗಿರಲಿ ಎನ್ನುವವರ ಮುಂದೆ ನೀವು ಇಡಬಹುದಾದ ಗೌರವದ ಅಳತೆ ಇದು. 786ಕ್ಕೆ ಅಂಥ ಯಾವ ಆಧಾರವೂ ಇಲ್ಲ.

ಎಷ್ಟು ಕೇಳಬೇಕು ಎಂಬುದಕ್ಕೆ ಫಿಕ್ಹ್‌ನಲ್ಲಿ ಒಂದು ಅಳತೆಗೋಲು ಇದೆ, ಮಹರೆ ಮಿಸ್ಲ್. ನಿಮ್ಮ ತಂದೆಯ ಕಡೆಯ ಹೆಂಗಸರು, ಅಂದರೆ ಅಕ್ಕತಂಗಿಯರು, ಅಣ್ಣನ ಹೆಣ್ಣುಮಕ್ಕಳು, ಅತ್ತೆಯಂದಿರು, ವಯಸ್ಸು, ವಿದ್ಯೆ, ಸ್ಥಿತಿಗತಿಯಲ್ಲಿ ನಿಮಗೆ ಹೋಲುವವರು ಎಷ್ಟು ಪಡೆದರೋ ಅಷ್ಟು. ಈ ಅಂಕಿಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಬರೆದ ಮಹರ್ ಯಾವ ಕಾರಣಕ್ಕೆ ಬಿದ್ದುಹೋದರೂ ಅದರ ಜಾಗಕ್ಕೆ ಬರುವುದು ಇದೇ, ಮತ್ತು ನಿಮ್ಮ ಪ್ರಕರಣದಲ್ಲಿ ಅದು ಬಿದ್ದುಹೋಗುವ ಸಾಧ್ಯತೆ ಎರಡು ಕಡೆ ಇದೆ.

ಮೊದಲನೆಯದು ಬಾಕಿ ಮಹರ್. ಉರ್ದು ನಿಕಾಹ್‌ನಾಮಾಗಳಲ್ಲಿ ಕೂಡಲೇ ಕೊಡುವ ಭಾಗ, ನಂತರ ಕೊಡುವ ಭಾಗ ಎಂದು ಎರಡು ಖಾನೆ ಇರುತ್ತವೆ. ನಂತರದ ಭಾಗಕ್ಕೆ ಗಡುವು ಬರೆಯದೆ ಬಿಟ್ಟರೆ ಅದು ತಲಾಖ್ ಅಥವಾ ಸಾವಿನ ಹೊತ್ತಿಗೆ ಸಲ್ಲಬೇಕಾದ ಸಾಲವೆಂದು ಹನಫಿಗಳು ರೂಢಿಯಂತೆ ಒಪ್ಪುತ್ತಾರೆ. ಮಹರ್ ಎಂದರೆ ತಲಾಖ್ ಆದಾಗ ಕೊಡುವ ಹಣ ಎಂಬ ತಪ್ಪು ತಿಳಿವಳಿಕೆ ಹುಟ್ಟಿದ್ದೂ ಈ ರೂಢಿಯಿಂದಲೇ. ಶಾಫಿಗಳಲ್ಲಿ ಯಾವಾಗ ಎಂದು ಗೊತ್ತಿಲ್ಲದ ಗಡುವು ಸಿಂಧುವಲ್ಲ. ಹಾಗೆ ಬರೆದ ಮಹರ್ ಕೆಟ್ಟು ಮಹರೆ ಮಿಸ್ಲ್ ಬರುತ್ತದೆ. ಆದ್ದರಿಂದ ಖಾಲಿ ಖಾನೆ ಬಿಡದೆ ದಿನಾಂಕ ಬರೆಯಿರಿ.

ಉದಾಹರಣೆಗೆ ನಿಮ್ಮ ಅಕ್ಕತಂಗಿಯರ ಮಹರ್ 10 ಪವನು, ಎಂದರೆ 80 ಗ್ರಾಂ ಚಿನ್ನ ಇತ್ತು ಎಂದಿಟ್ಟುಕೊಳ್ಳೋಣ. ಬರೆಯಬೇಕಾದ ಸಾಲು ಹೀಗಿರಬೇಕು: "ಮಹರ್ 22 ಕ್ಯಾರೆಟ್‌ನ 80 ಗ್ರಾಂ ಚಿನ್ನ. ಇದರಲ್ಲಿ 24 ಗ್ರಾಂ ನಿಕಾಹ್ ಮಜಲಿಸ್‌ನಲ್ಲೇ ವಧುವಿನ ಕೈಸೇರಿದೆ. ಉಳಿದ 56 ಗ್ರಾಂ ಇಂದಿನಿಂದ ಮೂರು ವರ್ಷದೊಳಗೆ, ಇಂಥ ದಿನಾಂಕದ ಒಳಗೆ ಕೊಡತಕ್ಕದ್ದು." ರೂಪಾಯಿಯಲ್ಲಿ ಬರೆದರೆ ಇಪ್ಪತ್ತು ವರ್ಷದ ನಂತರ ಅದರ ಬೆಲೆ ಕರಗಿರುತ್ತದೆ, ತೂಕದಲ್ಲಿ ಬರೆದರೆ ಕರಗದು. ಪವನು ಎಂದಷ್ಟೇ ಬರೆಯದೆ ಗ್ರಾಂ ಮತ್ತು ಶುದ್ಧತೆಯನ್ನೂ ಬರೆಯುವುದು, ಬೆಂಗಳೂರಿನ ಕಡೆಯವರು ತೊಲ, ಗ್ರಾಂ ಲೆಕ್ಕದವರಾದ್ದರಿಂದ. ವಲಿಯಾಗಿ ನಿಲ್ಲುವವರಿಗೆ ಈ ಮೊತ್ತವನ್ನು ಬರಹದಲ್ಲೇ ಕೊಡಿ.

ಒಡವೆಯ ವಿಷಯದಲ್ಲಿ ಆಗುವ ಜಗಳ ಇನ್ನೂ ಹೆಚ್ಚು. ಗಂಡನ ಮನೆಯವರು ಹಾಕಿದ ಸರ, ಬಳೆ ಉಡುಗೊರೆಯೆಂದು ಹೆಣ್ಣು ತಿಳಿದಿರುತ್ತಾಳೆ, ಕಷ್ಟ ಬಂದಾಗ ಅವರು "ಅದೇ ಮಹರ್ ಆಗಿತ್ತು" ಎನ್ನುತ್ತಾರೆ. ಹನಫಿಗಳ ಪ್ರಮುಖ ಗ್ರಂಥವಾದ ಹಿದಾಯಾದಲ್ಲಿ ಈ ಪ್ರಶ್ನೆಗೆ ನೇರ ಉತ್ತರ ಇದೆ: ತಿನ್ನಲು ಸಿದ್ಧವಾದ ಆಹಾರವೊಂದನ್ನು ಬಿಟ್ಟು, ಗಂಡ ಕಳಿಸಿದ ವಸ್ತು ಮಹರೋ ಉಡುಗೊರೆಯೋ ಎಂಬ ವಿವಾದದಲ್ಲಿ ಗಂಡನ ಮಾತಿಗೇ ಮನ್ನಣೆ. ಆದ್ದರಿಂದ "ಮಹರ್ ಅಲ್ಲದೆ ವರನ ಕಡೆಯಿಂದ ಬಂದ ಉಡುಗೊರೆಗಳು" ಎಂದು ತೂಕಸಹಿತ ಬೇರೆ ಪಟ್ಟಿ ಮಾಡಿ ಎರಡೂ ಕಡೆ ಸಹಿ ಹಾಕಿಸಿ. ನಿಮ್ಮ ಮನೆಯಿಂದ ಹಣ ಪಡೆದು ಅದನ್ನೇ ಮಹರಾಗಿ ತಿರುಗಿ ಕೊಡುವ ಏರ್ಪಾಡಿಗೆ ಒಪ್ಪಬೇಡಿ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಮಹರನ್ನು ವರದಕ್ಷಿಣೆಯಿಂದ ಹೊರಗಿಟ್ಟಿದೆ, ಆದರೆ ನಿಮ್ಮಿಂದ ಪಡೆದ ಹಣ ವರದಕ್ಷಿಣೆಯೇ.

ಕೂಡಲೇ ಕೊಡಬೇಕಾದ ಭಾಗ ಕೈಸೇರುವವರೆಗೆ ಗಂಡನ ಮನೆಗೆ ಹೋಗದೆ ಇರುವ ಹಕ್ಕು ನಿಮಗಿದೆ, ಆ ಅವಧಿಯ ಜೀವನಾಂಶವೂ ನಿಮ್ಮದೇ. ದಾಂಪತ್ಯ ಶುರುವಾದ ಮೇಲೆ ಈ ಹಕ್ಕು ಉಳಿಯುತ್ತದೆಯೇ? ಅಬೂ ಹನೀಫಾ ಉಳಿಯುತ್ತದೆ ಎಂದರು, ಅವರ ಶಿಷ್ಯರಾದ ಅಬೂ ಯೂಸುಫ್, ಮುಹಮ್ಮದ್ ಮತ್ತು ಶಾಫಿಗಳು ಇಲ್ಲ ಎಂದರು. 1933ರಲ್ಲಿ ಅಲಹಾಬಾದ್ ಹೈಕೋರ್ಟ್ ನಡುವಿನ ದಾರಿ ಹಿಡಿಯಿತು: ಹೆಂಡತಿ ಮರಳಿ ಬರಲಿ ಎಂಬ ಆದೇಶ ಬೇಕಿದ್ದರೆ ಗಂಡ ಮೊದಲು ಮಹರ್ ಕೊಡಲಿ. ಇಷ್ಟೆಲ್ಲ ಭಿನ್ನಮತದ ಮೇಲೆ ಬದುಕು ಕಟ್ಟುವ ಬದಲು 24 ಗ್ರಾಂ ಮಜಲಿಸ್‌ನಲ್ಲೇ ಕೈಗೆ ಬರಲಿ. ಗಂಡ ತೀರಿಕೊಂಡರೆ ಬಾಕಿ ಮಹರ್ ಆಸ್ತಿ ಹಂಚುವ ಮೊದಲು ತೀರಿಸಬೇಕಾದ ಸಾಲ. ಅದರ ಮೇಲೆ ವಾರಸುದಾರಳಾಗಿ ನಿಮ್ಮ ಪಾಲು ಬೇರೆ. ಶವದ ಮುಂದೆ ವಿಧವೆಯಿಂದ "ಮಾಫ್ ಮಾಡಿದೆ" ಎಂದು ಹೇಳಿಸುವ ಪದ್ಧತಿ ಕೆಲವೆಡೆ ಇನ್ನೂ ಇದೆ. ದುಃಖದ ಒತ್ತಡದಲ್ಲಿ ಬಾಯಿಂದ ಹೊರಡಿಸಿದ ಮಾಫಿಗೆ ಬೆಲೆಯಿಲ್ಲ, ನ್ಯಾಯಾಲಯಗಳೂ ಅದನ್ನು ಒಪ್ಪಿಲ್ಲ. ವಸೂಲಿಗೆ ದಾವೆ ಹೂಡಲು ಮೂರು ವರ್ಷದ ಗಡುವಿದೆ ಎಂಬುದನ್ನು ಮಾತ್ರ ಮರೆಯಬೇಡಿ.

ಇನ್ನು ಷರತ್ತುಗಳು. ಷರತ್ತು ಹಾಕಿದರೆ ನಿಕಾಹ್ ಮುರಿಯುತ್ತದೆ ಎಂಬ ಚಿಕ್ಕಪ್ಪನ ಮಾತು ತಪ್ಪು, ಆದರೆ ಅದರ ಹಿಂದೆ ಒಂದು ನಿಜವಾದ ನಿಯಮದ ನೆರಳು ಇದೆ. ದಾಂಪತ್ಯದ ಮೂಲ ಉದ್ದೇಶವನ್ನೇ ಇಲ್ಲವಾಗಿಸುವ ಷರತ್ತು, ಉದಾಹರಣೆಗೆ ಗಂಡ ಹೆಂಡತಿ ಎಂದೂ ಕೂಡಬಾರದು ಎಂದು ಹೆಣ್ಣಿನ ಕಡೆಯವರು ವಿಧಿಸಿದ್ದು, ಶಾಫಿಗಳಲ್ಲಿ ನಿಕಾಹನ್ನೇ ಕೆಡಿಸುತ್ತದೆ. ಎರಡನೇ ಮದುವೆ ಬೇಡ, ಊರು ಬಿಡಿಸಬಾರದು ಎಂಬಂಥವು ಈ ಜಾತಿಯವಲ್ಲ. ಅವುಗಳಿಂದ ನಿಕಾಹ್ ಕೆಡುವುದಿಲ್ಲ ಎಂಬುದರಲ್ಲಿ ಶಾಫಿ, ಹನಫಿ ಇಬ್ಬರೂ ಒಂದೇ. ಭಿನ್ನಮತ ಇರುವುದು ಅವುಗಳಿಗೆ ಏನು ಬಲ ಎಂಬಲ್ಲಿ.

ನಾಲ್ಕು ಮದ್‌ಹಬ್‌ಗಳಲ್ಲಿ ಒಂದಾದ ಹಂಬಲಿಗಳು ಹೆಣ್ಣಿನ ಪರವಾಗಿ ಹೆಚ್ಚು ಮುಂದೆ ಹೋದವರು: ಇಂಥ ಷರತ್ತು ಗಂಡನನ್ನು ಕಟ್ಟಿಹಾಕುತ್ತದೆ, ಮುರಿದರೆ ನಿಕಾಹ್ ರದ್ದು ಮಾಡಿಸುವ ಹಕ್ಕು ಹೆಂಡತಿಗೆ. ಹನಫಿಗಳಲ್ಲಿ ಷರತ್ತು ತಾನಾಗಿ ಕಟ್ಟುವುದಿಲ್ಲ, ಮುರಿದರೆ ಏಟು ಬೀಳುವುದು ಮಹರಿನ ಮೇಲೆ. "ಊರಿನಿಂದ ಹೊರಗೆ ಕರೆದೊಯ್ಯದಿದ್ದರೆ ಸಾವಿರ, ಒಯ್ದರೆ ಎರಡು ಸಾವಿರ" ಎಂದು ಬರೆದ ಮಹರಿನ ಚರ್ಚೆ ಹಿದಾಯಾದಲ್ಲಿ ಇದೆ. ಶಿಷ್ಯರಿಬ್ಬರೂ ಎರಡೂ ಅಂಕಿ ಸಿಂಧು ಎಂದರು. ಅಬೂ ಹನೀಫಾ ಮೊದಲ ಅಂಕಿ ಮಾತ್ರ ಸಿಂಧು, ಕರೆದೊಯ್ದರೆ ಮಹರೆ ಮಿಸ್ಲ್, ಅದು ಸಾವಿರಕ್ಕಿಂತ ಕಡಿಮೆಯಾಗದೆ ಎರಡು ಸಾವಿರ ಮೀರದೆ ಇರಬೇಕು ಎಂದರು. ಶಾಫಿಗಳಲ್ಲಿ ಇಂಥ ಎರಡು ಅಂಕಿಯ ಮಹರೇ ಅನಿಶ್ಚಿತ, ಆದ್ದರಿಂದ ನಿಮಗೆ ಇದನ್ನು ಸೂಚಿಸಲಾರೆ.

ಶಾಫಿಗಳಲ್ಲಿ ನಿಮ್ಮಂಥವರು ಎಡವುವ ಜಾಗ, ನಾನು ಮೇಲೆ ಹೇಳಿದ ಎರಡನೆಯ ಸಾಧ್ಯತೆ, ಇಲ್ಲಿದೆ. "ಇನ್ನೊಂದು ಮದುವೆ ಆಗಬಾರದು" ಎಂಬ ಷರತ್ತನ್ನು ನಿಕಾಹಿನ ಮಾತಿನೊಳಗೇ ಸೇರಿಸಿದರೆ ನಿಕಾಹ್ ಸಿಂಧು, ಷರತ್ತು ಅಸಿಂಧು, ಜೊತೆಗೆ ಬರೆದ ಮಹರೂ ಕೆಟ್ಟು ಮಹರೆ ಮಿಸ್ಲ್ ಬರುತ್ತದೆ. ಎಂದರೆ ನಿಮ್ಮ ಕುಟುಂಬದ ರೂಢಿ 5 ಪವನು ಇದ್ದು ನೀವು ಷರತ್ತಿನೊಡನೆ 10 ಪವನು ಬರೆಸಿದ್ದರೆ, ಷರತ್ತೂ ಹೋಗಿ ಹೆಚ್ಚಿಗೆ ಬರೆಸಿದ 5 ಪವನೂ ಹೋಗುತ್ತದೆ. ಪರಿಹಾರ ಸುಲಭ: ನಿಕಾಹಿನ ಮಾತು ಶುದ್ಧವಾಗಿರಲಿ, ಹೆಸರು, ಮಹರ್, ಒಪ್ಪಿಗೆ, ಇಷ್ಟೇ. ಅದು ಮುಗಿದ ಮೇಲೆ, ಅದೇ ಮಜಲಿಸ್‌ನಲ್ಲಿ, ಬೇರೆ ಕಾಗದದಲ್ಲಿ ಗಂಡ ತನ್ನ ಮಾತನ್ನು ಬರೆದುಕೊಡಲಿ.

ಆ ಕಾಗದದಲ್ಲಿ ಆಸೆಗಳನ್ನು ಬರೆದರೆ ಪ್ರಯೋಜನವಿಲ್ಲ. "ಎರಡನೇ ಮದುವೆ ಆಗುವುದಿಲ್ಲ" ಎಂಬ ವಾಗ್ದಾನ ಮುರಿದಾಗ ಕೈಯಲ್ಲಿ ಏನೂ ಉಳಿಯದು. ಇಂಥ ಘಟನೆ ನಡೆದರೆ ಇಂಥ ಪರಿಣಾಮ ಎಂದು ಬರೆಯಬೇಕು. ಪರಿಣಾಮ ಹುಟ್ಟಿಸುವ ಸಾಧನ ಹನಫಿಗಳಲ್ಲಿ ತಲಾಖೆ ತಫ್ವೀಝ್, ಗಂಡ ತಲಾಖಿನ ಅಧಿಕಾರವನ್ನು ಹೆಂಡತಿಗೆ ಒಪ್ಪಿಸುವುದು. ಕೊಟ್ಟ ಮೇಲೆ ಅವನು ಅದನ್ನು ಹಿಂಪಡೆಯುವಂತಿಲ್ಲ. ಇಲ್ಲಿ ಮಾತಿನ ಕ್ರಮ ಬಹಳ ಮುಖ್ಯ. ನಿಕಾಹಿನ ಹೊತ್ತಿನಲ್ಲೇ ಇದನ್ನು ಸೇರಿಸುವುದಾದರೆ ಹೆಣ್ಣಿನ ಕಡೆಯವರು ಮೊದಲು "ಈ ಅಧಿಕಾರ ಅವಳ ಕೈಯಲ್ಲಿರಬೇಕೆಂಬ ಷರತ್ತಿನ ಮೇಲೆ ಕೊಟ್ಟೆವು" ಎಂದು, ಆಮೇಲೆ ಗಂಡು ಒಪ್ಪಿದರೆ ಮಾತ್ರ ಹನಫಿಗಳಲ್ಲಿ ಸಿಂಧು. ಗಂಡೇ ಮೊದಲು ಹೇಳಿ ಹೆಣ್ಣು ಒಪ್ಪಿದರೆ ಅಸಿಂಧು, ಏಕೆಂದರೆ ಅವನು ಹೇಳುವ ಹೊತ್ತಿಗೆ ಅವಳಿನ್ನೂ ಹೆಂಡತಿಯಾಗಿರಲಿಲ್ಲ, ಇಲ್ಲದ ಅಧಿಕಾರವನ್ನು ಒಪ್ಪಿಸಲಾಗದು. ನಿಕಾಹ್ ಮುಗಿದ ಮೇಲೆ ಬರೆದುಕೊಟ್ಟರೆ ಈ ತೊಡಕೇ ಇಲ್ಲ. ಸಮಯವನ್ನೂ ಬರೆಯಬೇಕು: "ಯಾವಾಗ ಬೇಕೆನಿಸಿದರೂ" ಎಂಬ ಮಾತು ಇಲ್ಲದಿದ್ದರೆ ಆ ಅಧಿಕಾರ ಆ ಕೂಟದೊಡನೆಯೇ ಮುಗಿಯುತ್ತದೆ. "ಒಂದು ತಲಾಖೆ ಬಾಯಿನ್" ಎಂದೂ ಬರೆಯಬೇಕು. ಬರೀ ತಲಾಖ್ ಎಂದರೆ ಅದು ಹಿಂಪಡೆಯಬಹುದಾದ ತಲಾಖ್ ಆಗಿ, ತಲಾಖಿನ ನಂತರ ಕಾಯುವ ಅವಧಿಯಾದ ಇದ್ದತ್‌ನ ಒಳಗೆ ಗಂಡ ನಿಮ್ಮನ್ನು ಮರಳಿ ಪಡೆದುಬಿಡಬಹುದು. ಇಷ್ಟು ಕಷ್ಟಪಟ್ಟು ಬರೆಸಿದ್ದು ಹಾಗೆ ಒಂದೇ ಮಾತಿನಲ್ಲಿ ಆರಿಹೋಗುತ್ತದೆ.

ಶಾಫಿಗಳಲ್ಲಿ ತಫ್ವೀಝ್‌ಗೆ ಹೆಂಡತಿ ಆಗಲೇ ಉತ್ತರಿಸಬೇಕು ಎಂಬುದು ಮೂಲ ನಿಯಮ, ವರ್ಷಗಟ್ಟಲೆ ಇಟ್ಟುಕೊಳ್ಳಲು ಅದು ಒದಗದು. ಅವರು ಬಳಸುವುದು ತಅಲೀಕ್, ಘಟನೆಗೆ ಕಟ್ಟಿದ ತಲಾಖ್. ಶಾಫಿ ನಾಡಾದ ಇಂಡೋನೇಷ್ಯಾದಲ್ಲಿ ನಿಕಾಹಿನ ಮಾತು ಮುಗಿದ ಮೇಲೆ ವರ ಇದನ್ನು ಓದುವ ವಾಡಿಕೆ ಇದೆ: ಇಂಥಿಂಥ ತಪ್ಪು ಮಾಡಿ, ಹೆಂಡತಿ ಒಪ್ಪದೆ ದೂರು ಕೊಟ್ಟು, ಸಣ್ಣ ಮೊತ್ತವೊಂದನ್ನು ಪ್ರತಿಫಲವಾಗಿ ಕೊಟ್ಟರೆ ಒಂದು ತಲಾಖ್. ಪ್ರತಿಫಲ ಇರುವುದರಿಂದ ಅದು ಗಂಡ ಹಿಂಪಡೆಯಲಾಗದ ತಲಾಖ್ ಆಗುತ್ತದೆ. ಹೆಂಡತಿಯ ದೂರಿಗೆ ಕಟ್ಟಿರುವುದರಿಂದ ಅವಳಿಗೆ ಬೇಡದಿದ್ದಾಗ ತಾನಾಗಿ ಬೀಳುವುದೂ ಇಲ್ಲ. ದೂರಿನ ಮಾತು ಬಿಟ್ಟು "ಮದುವೆಯಾದರೆ ತಲಾಖ್" ಎಂದಷ್ಟೇ ಬರೆದ ಕಾಗದ ಅಪಾಯದ್ದು. ನಿಮಗೆ ಗೊತ್ತೇ ಇಲ್ಲದೆ ನಿಮ್ಮ ದಾಂಪತ್ಯ ಮುಗಿದಿರಬಹುದು.

ನಿಮ್ಮದು ಎರಡು ಮದ್‌ಹಬ್‌ಗಳ ಮದುವೆಯಾದ್ದರಿಂದ ಎರಡನ್ನೂ ಒಟ್ಟಿಗೆ ಬರೆಸಿ. ಕರಡು ಹೀಗಿರಬಹುದು:

"ಇಂದು ನಮ್ಮ ನಿಕಾಹ್ ನೆರವೇರಿದ ನಂತರ ನನ್ನ ಇಚ್ಛೆಯಿಂದ ಇದನ್ನು ಬರೆದುಕೊಡುತ್ತಿದ್ದೇನೆ. ನೀನು ನನ್ನ ಪತ್ನಿಯಾಗಿರುವಾಗ ನಾನು ಇನ್ನೊಬ್ಬಳನ್ನು ನಿಕಾಹ್ ಮಾಡಿಕೊಂಡರೆ, ಅಥವಾ ನಿನ್ನ ಉದ್ಯೋಗಕ್ಕೆ ಹೋಗದಂತೆ ಸತತ 30 ದಿನ ತಡೆದರೆ, ಆ ನಂತರ ನಿನಗೆ ಯಾವಾಗ ಬೇಕೆನಿಸಿದರೂ ನಿನ್ನ ಮೇಲೆ ಒಂದು ತಲಾಖೆ ಬಾಯಿನ್ ಹೇಳಿಕೊಳ್ಳುವ ಅಧಿಕಾರವನ್ನು ನಿನಗೆ ಒಪ್ಪಿಸಿದ್ದೇನೆ. ಅದೇ ಸಂದರ್ಭದಲ್ಲಿ ನೀನು ಈ ಅಧಿಕಾರವನ್ನು ಬಳಸದೆ, ಖಾಝಿಯವರಲ್ಲಿ ದೂರು ಕೊಟ್ಟು, ನಿನ್ನ ಮಹರಿನಿಂದ 1 ಗ್ರಾಂ ಚಿನ್ನವನ್ನು ನನಗೆ ಬಿಟ್ಟುಕೊಟ್ಟರೆ ನಿನಗೆ ಒಂದು ತಲಾಖ್ ಆಗುತ್ತದೆ."

ಉದ್ಯೋಗದ ಮಾತಿಗೆ ಇನ್ನೊಂದು ಸಾಲು ಬೇಕು. ಗಂಡನ ಅನುಮತಿಯಿಲ್ಲದೆ ಹೊರಗೆ ಹೋಗುವ ಹೆಂಡತಿಗೆ ಜೀವನಾಂಶ ಇಲ್ಲ ಎಂಬುದು ಹಳೆಯ ಫಿಕ್ಹ್‌ನ ನಿಯಮ, ಕೆಲಸ ಮಾಡುವ ಹೆಂಗಸಿನ ವಿರುದ್ಧ ಇದನ್ನು ಎತ್ತುವವರು ಈಗಲೂ ಇದ್ದಾರೆ. "ಆಕೆ ಉದ್ಯೋಗದಲ್ಲಿರುವುದು ನನಗೆ ಮೊದಲೇ ಗೊತ್ತಿದೆ, ಅದಕ್ಕಾಗಿ ಮನೆಯಿಂದ ಹೊರಹೋಗಲು ನನ್ನ ಅನುಮತಿ ಇದೆ, ಇದರಿಂದ ಜೀವನಾಂಶ ನಿಲ್ಲುವುದಿಲ್ಲ, ಸಂಬಳ ಆಕೆಯದೇ" ಎಂದು ಸೇರಿಸಿ. "ತಡೆದರೆ" ಎಂಬುದರ ಅರ್ಥವನ್ನೂ ಬಿಡಿಸಿ ಬರೆಯಿರಿ: ಬೀಗ ಹಾಕುವುದು, ಹೊಡೆಯುವುದು, ದಾಖಲೆಪತ್ರ ಕಸಿಯುವುದು, ಆಸ್ಪತ್ರೆಗೆ ರಾಜೀನಾಮೆ ಕಳಿಸುವಂತೆ ಒತ್ತಾಯಿಸುವುದು. ಇಲ್ಲದಿದ್ದರೆ ಒಂದು ದಿನದ ಬಿರುಮಾತು ತಡೆಯೇ ಅಲ್ಲವೇ ಎಂದು ವರ್ಷಗಟ್ಟಲೆ ವಾದ ನಡೆಯುತ್ತದೆ. ಎರಡನೇ ಮದುವೆಯ ಷರತ್ತಿಗೆ ಈ ತೊಂದರೆ ಇಲ್ಲ. ಅದು ಆಯಿತೋ ಇಲ್ಲವೋ ಎಂದು ನಿಕಾಹ್‌ನಾಮಾ ನೋಡಿ ಹೇಳಬಹುದು.

ನಮ್ಮ ನ್ಯಾಯಾಲಯಗಳು ತಫ್ವೀಝನ್ನು ಬಹಳ ಹಿಂದಿನಿಂದ ಒಪ್ಪಿವೆ. 1950ರ ಕಲ್ಕತ್ತಾ ಹೈಕೋರ್ಟಿನ ಬಫಾತನ್ ಬೀಬಿ ಪ್ರಕರಣ ಇದಕ್ಕೆ ಹೆಸರಾದದ್ದು. 2021ರ ಏಪ್ರಿಲ್‌ನಲ್ಲಿ ಕೇರಳ ಹೈಕೋರ್ಟ್ ನ್ಯಾಯಾಲಯದ ಹೊರಗೆ ಮುಸ್ಲಿಂ ಮಹಿಳೆ ಪಡೆಯಬಹುದಾದ ಬಿಡುಗಡೆಗಳಲ್ಲಿ ಇದನ್ನೂ ಹೆಸರಿಸಿತು. ತ್ರಿವಳಿ ತಲಾಖಿನ 2019ರ ಕಾಯಿದೆ ಗಂಡ ಹೇಳುವ ತಲಾಖಿಗೆ ಸಂಬಂಧಿಸಿದ್ದು, ಹೆಂಡತಿ ತಫ್ವೀಝ್ ಬಳಸುವುದು ಅದರೊಳಗೆ ಬರುವುದಿಲ್ಲ. ಕರಡಿನ ಎರಡನೇ ಭಾಗವಾದ ತಅಲೀಕ್‌ನಲ್ಲಿ ಮಾತು ಗಂಡನದಾಗಿರುವುದರಿಂದ ಅದನ್ನು ಮಾತ್ರ ಈ ಕಾಯಿದೆ ಬಲ್ಲ ವಕೀಲರಿಗೆ ತೋರಿಸಿ ಸಹಿ ಹಾಕಿಸಿ. ನಿಕಾಹ್‌ನಾಮಾ ಮತ್ತು ಈ ಕಾಗದ ಎರಡರಲ್ಲೂ ಅದೇ ಇಬ್ಬರು ಸಾಕ್ಷಿಗಳಿರಲಿ. ಕಾಗದದಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ, ನಿಕಾಹ್ ಮೊದಲು, ಬರಹ ಆಮೇಲೆ ಎಂಬುದು ಅದರಿಂದಲೇ ಗೊತ್ತಾಗಬೇಕು. ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿ, ಒಂದು ಪ್ರತಿ ಜಮಾಅತ್ ಕಚೇರಿಯಲ್ಲಿಡಿ, ಮದುವೆಯನ್ನು ಕರ್ನಾಟಕದ 1976ರ ವಿವಾಹ ನೋಂದಣಿ ಕಾಯಿದೆಯಡಿ ನೋಂದಾಯಿಸಿ.

ಹೆಂಡತಿ ತಾನೇ ಕೇಳಿ ಪಡೆಯುವ ಬಿಡುಗಡೆಯಾದ ಖುಲಾ ಇರುವಾಗ ಇಷ್ಟೆಲ್ಲ ಯಾಕೆ ಎಂದು ಹುಡುಗನ ಮನೆಯವರು ಕೇಳಬಹುದು. ಖುಲಾಕ್ಕೆ ಗಂಡನ ಒಪ್ಪಿಗೆ ಬೇಕು ಎಂಬುದು ಶಾಫಿ, ಹನಫಿ ಇಬ್ಬರ ಮತ, ಮತ್ತು ಸಾಮಾನ್ಯವಾಗಿ ಮಹರ್ ಬಿಟ್ಟುಕೊಡಬೇಕಾಗುತ್ತದೆ. ತಫ್ವೀಝ್‌ನಿಂದ ಆದ ಬಿಡುಗಡೆ ಗಂಡನ ತಲಾಖ್ ಎಂದೇ ಲೆಕ್ಕ, ದಾಂಪತ್ಯ ನಡೆದಿದ್ದರೆ 80 ಗ್ರಾಂ ಪೂರ್ತಿ ನಿಮ್ಮದು. ತಅಲೀಕ್‌ನಲ್ಲಾದರೆ ಬಿಟ್ಟುಕೊಡುವ 1 ಗ್ರಾಂ ಕಳೆದು 79. ಒಂದು ವೇಳೆ ಮನೆ ತುಂಬುವ ಮೊದಲೇ ತಲಾಖ್ ಆದರೆ ಬರೆದ ಮಹರಿನ ಅರ್ಧ, 40 ಗ್ರಾಂ. ಆಗ ಮಜಲಿಸ್‌ನಲ್ಲಿ ಪಡೆದ 24 ಗ್ರಾಂ ಕಳೆದು ಇನ್ನು 16 ಗ್ರಾಂ ಅವರಿಂದ ಬರಬೇಕು.